‘ನಾಟ್ ಅಡ್ಮಿಸಿಬಲ್’ ಅಂತ ಬರೆಯೋ ಅಧಿಕಾರ ಯಾರದ್ದು? ಪೀಣ್ಯದ ಎಚ್‌ಆರ್ ಮೇಜಿನ ಮೂರು ಕಾಲಂ

ಪೀಣ್ಯದ ಒಂದು ಮಧ್ಯಮ ಗಾತ್ರದ ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿ ಆರು ವರ್ಷ ನಾನು ಮೆಡಿಕಲ್ ಕ್ಲೇಮುಗಳ ಫೈಲು ನೋಡಿದ್ದೇನೆ. ಕಾರ್ಮಿಕ ಪ್ಲಾಸ್ಟಿಕ್ ಕವರಿನಲ್ಲಿ ತಂದುಕೊಡುವ ಬಿಲ್ಲುಗಳ ಕಂತೆಯಿಂದ ಮೂರು ಸಂಗತಿ ಹೆಕ್ಕಿ ಎಕ್ಸೆಲ್ ಹಾಳೆಗೆ ಹಾಕಬೇಕು: ಬಿಲ್ಲಿನ ಮೊತ್ತ, ದಿನಾಂಕ, ಕೊನೆಗೆ ‘ಅಡ್ಮಿಸಿಬಲ್’ ಹೌದೋ ಅಲ್ಲವೋ. ಹಣ ವಾಪಸ್ ಬರುತ್ತದೋ ಇಲ್ಲವೋ ಅನ್ನುವ ಮೊದಲ ಸುಳಿವು ಕಾರ್ಮಿಕನಿಗೆ ಸಿಗುವುದು ಈ ಹಾಳೆಯಿಂದಲೇ. ಈಗ ಬಿಲ್ಲಿನ ಫೋಟೋ ತೆಗೆದು ಹಾಕಿದರೆ ಈ ಮೂರನ್ನೂ ತಾನೇ ಓದಿಕೊಳ್ಳುವ ಸಾಫ್ಟ್‌ವೇರ್ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ಬಂದಿದೆ, ಪೀಣ್ಯಕ್ಕೂ ಬರುತ್ತಿದೆ. ಹಾಗಾಗಿ ಒಂದು ಮಾತನ್ನು ಈಗಲೇ ಹೇಳಬೇಕು. ಮೊತ್ತ ಮತ್ತು ದಿನಾಂಕ ಬಿಲ್ಲಿನ ಮೇಲೆ ಅಚ್ಚಾಗಿರುತ್ತವೆ. ಮೂರನೆಯದು ಯಾವ ಬಿಲ್ಲಿನ ಮೇಲೂ ಇರುವುದಿಲ್ಲ. ಅದು ಯಾರೋ ಒಬ್ಬರು ತೆಗೆದುಕೊಳ್ಳುವ ತೀರ್ಮಾನ. ಆ ತೀರ್ಮಾನ ಕಾನೂನಿನ ಪ್ರಕಾರ ಎಚ್‌ಆರ್ ಗುಮಾಸ್ತರದ್ದು ಅಲ್ಲವೇ ಅಲ್ಲ.

ಈ ಕೆಲಸ ಗುಮಾಸ್ತರ ತಲೆಗೆ ಬಂದದ್ದು ಹೇಗೆ ಅಂತ ಮೊದಲು ನೋಡೋಣ. 2018ರ ಮಾರ್ಚ್‌ವರೆಗೆ ಬಿಲ್ಲು ಪರಿಶೀಲನೆ ಅಂದರೆ ಬಹುಪಾಲು ತೆರಿಗೆ ಕೆಲಸ. ವರ್ಷಕ್ಕೆ 15,000 ರೂಪಾಯಿವರೆಗಿನ ವೈದ್ಯಕೀಯ ಮರುಪಾವತಿಗೆ ಆದಾಯ ತೆರಿಗೆ ವಿನಾಯಿತಿ ಇತ್ತು. ಜನವರಿ ಬಂತೆಂದರೆ ಎಲ್ಲರೂ ಮೆಡಿಕಲ್ ಸ್ಟೋರ್ ಚೀಟಿ ಗುಡ್ಡೆ ಹಾಕಿಕೊಂಡು ಬರೋರು. ಗುಮಾಸ್ತರು ಹೆಸರು, ತಾರೀಖು, ಮೊತ್ತ ನೋಡಿ ಕೂಡಿಸಿದರೆ ಮುಗೀತು. 2018ರ ಬಜೆಟ್ ಆ ವಿನಾಯಿತಿಯನ್ನು ತೆಗೆದು, ಪ್ರಯಾಣ ಭತ್ಯೆಯನ್ನೂ ಅದರಲ್ಲೇ ಸೇರಿಸಿ, 40,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ತಂದಿತು. ಚೀಟಿಗಳ ಗುಡ್ಡೆ ಕರಗಿತು. ಉಳಿದದ್ದು ಆಸ್ಪತ್ರೆಯ ದೊಡ್ಡ ಬಿಲ್ಲುಗಳು.

ಅವು ಯಾರ ಬಿಲ್ಲುಗಳು? ತಿಂಗಳ ವೇತನ 21,000 ರೂಪಾಯಿ ಮೀರದವರಿಗೆ ಇಎಸ್‌ಐ ಇದೆ. 2017ರ ಜನವರಿಯಲ್ಲಿ ಈ ಮಿತಿಯನ್ನು 15,000ದಿಂದ 21,000ಕ್ಕೆ ಏರಿಸಿದರು. ಆಮೇಲೆ ಅನೇಕ ವರ್ಷ ಅದು ಅಲ್ಲೇ ನಿಂತಿತು, ವೇತನ ಮಾತ್ರ ಅಷ್ಟಿಷ್ಟು ಏರುತ್ತಾ ಹೋಯಿತು. ಹಾಗಾಗಿ ಅನುಭವಿ ಟರ್ನರು, ಫಿಟ್ಟರು, ಲೈನ್ ಸೂಪರ್‌ವೈಸರು ಒಬ್ಬೊಬ್ಬರಾಗಿ ಮಿತಿ ದಾಟಿ ಹೊರಗೆ ಬಂದರು. ಇಎಸ್‌ಐ ಒಳಗಿದ್ದಾಗ ಒಬ್ಬರ ಚಿಕಿತ್ಸೆಗೆ ಇಂತಿಷ್ಟೇ ಖರ್ಚು ಅನ್ನುವ ಮಿತಿ ಇರಲಿಲ್ಲ. ಹೊರಗೆ ಬಂದ ಮೇಲೆ ಸಿಕ್ಕಿದ್ದು ಕಂಪನಿ ಕೊಡಿಸಿದ ಗುಂಪು ವಿಮೆ. ಅದಕ್ಕೆ ಎರಡು ಲಕ್ಷದ ಮಿತಿ, ರೂಮಿನ ಬಾಡಿಗೆಗೊಂದು ಮಿತಿ, ಜೊತೆಗೆ ಹತ್ತಾರು ಷರತ್ತು. ಸಂಬಳ ಸಾವಿರ ರೂಪಾಯಿ ಏರಿತು ಅಂತ ಖುಷಿಪಟ್ಟವರ ರಕ್ಷಣೆ ಇಳಿದಿರುತ್ತದೆ. ಇಲ್ಲೂ ತಾರೀಖಿನ ಒಂದು ಪಾಠ ಇದೆ. ಜೂನ್‌ನಲ್ಲಿ ವೇತನ ಮಿತಿ ದಾಟಿದರೆ ಜೂನ್‌ನಲ್ಲೇ ಇಎಸ್‌ಐ ನಿಲ್ಲುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆ ಅವಧಿ ಮುಗಿಯುವ ತನಕ ಆತ ಒಳಗೇ ಇರುತ್ತಾನೆ. ‘ಸಂಬಳ ಜಾಸ್ತಿ ಆಯ್ತಲ್ಲ, ನಿಂಗೆ ಇಎಸ್‌ಐ ಇಲ್ಲ ಹೋಗಪ್ಪ’ ಅಂತ ಜೂನ್‌ನಲ್ಲೇ ಹೇಳಿ ಕಳಿಸುವವರು ಇದ್ದಾರೆ.

ಈಗ ಒಂದು ಬಿಲ್ಲನ್ನು ಬಿಚ್ಚಿ ನೋಡೋಣ. ನಾನು ನೋಡಿದ ಹಲವು ಫೈಲುಗಳನ್ನು ಸೇರಿಸಿ, ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಾಗಿಸಿ ಕಟ್ಟಿದ ಉದಾಹರಣೆ ಇದು. 23,400 ರೂಪಾಯಿ ಸಂಬಳದ ಒಬ್ಬ ಫಿಟ್ಟರ್. ವಿಮೆ ಎರಡು ಲಕ್ಷ, ರೂಮಿನ ಮಿತಿ ದಿನಕ್ಕೆ ಅದರ ಶೇ. 1, ಅಂದರೆ 2,000 ರೂಪಾಯಿ. 2025ರ ಮಾರ್ಚ್ 9ರಂದು ಹೊಟ್ಟೆನೋವಿಗೆ ಹೊರಗಿನ ಲ್ಯಾಬಿನಲ್ಲಿ ಸ್ಕ್ಯಾನ್ ಮಾಡಿಸಿದ. 11ರಂದು ಖಾಸಗಿ ಆಸ್ಪತ್ರೆಗೆ ಸೇರಿ ಅಪೆಂಡಿಕ್ಸ್ ಆಪರೇಷನ್ ಆಯಿತು, 14ಕ್ಕೆ ಡಿಸ್ಚಾರ್ಜ್. ಎರಡು ಸಾವಿರದ ರೂಮು ಖಾಲಿ ಇಲ್ಲ ಅಂದದ್ದಕ್ಕೆ ಮೂರು ಸಾವಿರದ ರೂಮು ಹಿಡಿದ.

ಬಿಲ್ಲಿನಲ್ಲಿ ಹೀಗಿದೆ. ರೂಮು ಮೂರು ದಿನಕ್ಕೆ 9,000. ಸರ್ಜನ್, ಅರಿವಳಿಕೆ ವೈದ್ಯರು, ಆಪರೇಷನ್ ಥಿಯೇಟರ್, ಡಾಕ್ಟರ್ ವಿಸಿಟ್, ನರ್ಸಿಂಗ್ ಎಲ್ಲಾ ಸೇರಿ 42,000. ಔಷಧಿ 14,000. ಆಸ್ಪತ್ರೆಯೊಳಗಿನ ಪರೀಕ್ಷೆಗಳು 8,000. ಗ್ಲೌಸ್, ಮಾಸ್ಕ್, ಜೊತೆಗಿದ್ದವರ ಊಟ, ಜೆರಾಕ್ಸ್ ಸೇರಿ 2,000. ಒಟ್ಟು 75,000. ಅದರ ಕೆಳಗೆ ಇನ್ನೆರಡು ಸಾಲು: ಅಡ್ವಾನ್ಸ್ 20,000, ನೆಟ್ ಪೇಯಬಲ್ 55,000.

ಮೊದಲ ಬಲೆ ಇರುವುದು ಈ ಕೊನೆಯ ಸಾಲಿನಲ್ಲೇ. ಅತಿ ದಪ್ಪಕ್ಷರದಲ್ಲಿ, ಹಾಳೆಯ ತುದಿಯಲ್ಲಿ ಇರೋದು 55,000. ಅವಸರದ ಕಣ್ಣು ಅದನ್ನೇ ಬಿಲ್ಲಿನ ಮೊತ್ತ ಅಂತ ಎತ್ತಿಕೊಳ್ಳುತ್ತದೆ, ಸಾಫ್ಟ್‌ವೇರೂ ಅದನ್ನೇ ಮಾಡುತ್ತದೆ. ಆದರೆ ಅದು ಡಿಸ್ಚಾರ್ಜ್ ದಿನ ಕಟ್ಟಬೇಕಿದ್ದ ಬಾಕಿ ಅಷ್ಟೇ. ಸೇರುವಾಗ ಕಟ್ಟಿದ 20,000 ಕೂಡ ಆತನ ಜೇಬಿನಿಂದಲೇ ಹೋಗಿದೆ. ಇದರ ಉಲ್ಟಾ ತಪ್ಪೂ ನಡೆಯುತ್ತದೆ. ಆಸ್ಪತ್ರೆಯ ಫಾರ್ಮಸಿ ಪ್ರತಿದಿನ ಕೊಟ್ಟ ಚಿಕ್ಕ ಚೀಟಿಗಳು ಕಂತೆಯಲ್ಲಿರುತ್ತವೆ. ಅವುಗಳ ಒಟ್ಟು 14,000 ಈಗಾಗಲೇ ದೊಡ್ಡ ಬಿಲ್ಲಿನೊಳಗೆ ಸೇರಿದೆ. ಚೀಟಿಗಳನ್ನು ಬೇರೆ ಸಾಲಾಗಿ ಹಾಕಿದರೆ ಕ್ಲೇಮು 89,000 ಆಗುತ್ತದೆ. ವಿಮಾ ಕಂಪನಿಯವರು ಅದನ್ನು ಡೂಪ್ಲಿಕೇಟ್ ಅಂತ ಗುರುತಿಸಿದಾಗ ಅನುಮಾನ ಬೀಳೋದು ಗುಮಾಸ್ತರ ಮೇಲಲ್ಲ, ಕಾರ್ಮಿಕನ ಮೇಲೆ. ಎರಡನ್ನೂ ಹಿಡಿಯುವ ದಾರಿ ಒಂದೇ. ಪ್ರತಿ ಬಿಲ್ಲಿಗೂ ಅದರ ನಂಬರಿನ ಜೊತೆ ಒಂದು ಸಾಲು ಕೊಡಬೇಕು, ಹಣ ಕಟ್ಟಿದ ರಸೀದಿಗಳನ್ನು ಪಕ್ಕದಲ್ಲಿ ಬೇರೆಯಾಗಿ ಕೂಡಿಸಬೇಕು. ರಸೀದಿಗಳ ಒಟ್ಟು (20,000 ಮತ್ತು 55,000) ಬಿಲ್ಲಿನ 75,000ಕ್ಕೆ ತಾಳೆಯಾದರೆ ಮೊತ್ತ ಸರಿ. ತಾಳೆಯಾಗದಿದ್ದರೆ ಎಲ್ಲೋ ಡಿಸ್ಕೌಂಟ್ ಇದೆ, ಇಲ್ಲವೇ ಒಂದು ರಸೀದಿ ಮನೆಯಲ್ಲೇ ಉಳಿದಿದೆ.

ದಿನಾಂಕದ ಕಥೆ ಇನ್ನೂ ಸೂಕ್ಷ್ಮ. ಈ ಒಂದು ಕಂತೆಯಲ್ಲಿ ಕನಿಷ್ಠ ನಾಲ್ಕು ತಾರೀಖುಗಳಿವೆ: ಸ್ಕ್ಯಾನ್ ಆದದ್ದು, ದಾಖಲಾದದ್ದು, ಡಿಸ್ಚಾರ್ಜ್ ಆದದ್ದು, ಆಮೇಲೆ ಹೊರಗೆ ಮಾತ್ರೆ ಕೊಂಡದ್ದು. ಹಾಳೆಯಲ್ಲಿ ‘ದಿನಾಂಕ’ ಅಂತ ಒಂದೇ ಕಾಲಂ ಇದ್ದರೆ ಮೂರು ಸಂಗತಿ ಕಳೆದುಹೋಗುತ್ತವೆ. ದಾಖಲಾಗುವ ಮುಂಚಿನ 30 ದಿನ ಮತ್ತು ಡಿಸ್ಚಾರ್ಜ್ ನಂತರದ 60 ದಿನಗಳ ಖರ್ಚನ್ನೂ ಭರಿಸುವುದು ಬಹಳಷ್ಟು ಪಾಲಿಸಿಗಳಲ್ಲಿರುವ ಷರತ್ತು. 2020ರ ಏಪ್ರಿಲ್‌ನಲ್ಲಿ ಬಂದ ‘ಆರೋಗ್ಯ ಸಂಜೀವಿನಿ’ ಮಾದರಿ ಪಾಲಿಸಿಯಲ್ಲೂ ಹಾಗೇ ಇದೆ. ಅಂದರೆ ಮಾರ್ಚ್ 9ರ ಸ್ಕ್ಯಾನ್ ಒಳಗೆ ಬರುತ್ತದೆ, ಮೇ 13ರವರೆಗಿನ ಮಾತ್ರೆಗಳೂ ಬರುತ್ತವೆ. ಇನ್ನು ಕಂಪನಿಯ ಪಾಲಿಸಿ ಏಪ್ರಿಲ್ 1ಕ್ಕೆ ನವೀಕರಣವಾಗುತ್ತದೆ ಅಂತಿಟ್ಟುಕೊಳ್ಳಿ. ಏಪ್ರಿಲ್ 20ರ ಮಾತ್ರೆ ಚೀಟಿಯನ್ನು ಹೊಸ ಪಾಲಿಸಿ ನಂಬರಿಗೆ ಹಾಕಿದರೆ ಅಲ್ಲಿ ಅದಕ್ಕೆ ತಾಯಿಬೇರೇ ಇರುವುದಿಲ್ಲ, ಹಾಗಾಗಿ ವಾಪಸ್ ಬರುತ್ತದೆ. ಅದು ಸೇರಬೇಕಾದ್ದು ಮಾರ್ಚ್ 11ರಂದು ದಾಖಲಾದಾಗ ಚಾಲ್ತಿಯಲ್ಲಿದ್ದ ಹಳೇ ಪಾಲಿಸಿಗೆ. ಆ ಚೀಟಿ ಯಾವ ಆಸ್ಪತ್ರೆವಾಸಕ್ಕೆ ಅಂಟಿಕೊಂಡಿದೆ ಅನ್ನೋದೇ ಅದರ ನಿಜವಾದ ತಾರೀಖು.

ಇದರ ಜೊತೆ ಎಕ್ಸೆಲ್ ಮಾಡುವ ಒಂದು ಕಿತಾಪತಿ ಇದೆ. ಕಂಪ್ಯೂಟರಿನ ರೀಜನ್ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ, 11/03/2025 ಅಂತ ಹೊಡೆದದ್ದನ್ನು ಅದು ನವೆಂಬರ್ 3 ಅಂತ ಓದುತ್ತದೆ. 14/03/2025 ಅಂದರೆ ಹದಿನಾಲ್ಕನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅದನ್ನು ತಾರೀಖು ಅಂತಲೇ ಒಪ್ಪದೆ ಬರೀ ಅಕ್ಷರ ಅಂತ ಇಟ್ಟುಕೊಳ್ಳುತ್ತದೆ. ಎರಡೂ ಕಣ್ಣಿಗೆ ಸರಿಯಾಗೇ ಕಾಣುತ್ತವೆ. ಗುರುತು ಇಷ್ಟೇ: ಸೆಲ್ಲಿನಲ್ಲಿ ಒಂದು ಬಲಕ್ಕೆ ಅಂಟಿಕೊಂಡಿರುತ್ತದೆ, ಇನ್ನೊಂದು ಎಡಕ್ಕೆ. ಸಾವಿರ ಸಾಲಿನ ಹಾಳೆಯಲ್ಲಿ ಕಣ್ಣು ನಂಬೋಕಾಗಲ್ಲ. ದಾಖಲಾದ ದಿನ C ಕಾಲಂನಲ್ಲೂ ಡಿಸ್ಚಾರ್ಜ್ D ಕಾಲಂನಲ್ಲೂ ಇದ್ದರೆ ಇದೊಂದು ಸೂತ್ರ ಸಾಕು:

```
=IF(AND(ISNUMBER(C2),ISNUMBER(D2)),D2-C2,"CHECK")
```

ಉತ್ತರ 3 ಬಂದರೆ ಸರಿ. ಮೈನಸ್ ಬಂದರೆ, ಇನ್ನೂರು ಚಿಲ್ಲರೆ ಬಂದರೆ, ಅಥವಾ CHECK ಅಂತ ಬಂದರೆ ಮೂಲ ಬಿಲ್ಲು ತೆಗೆದು ನೋಡಬೇಕು. ಇದನ್ನು ಮಾಡದ ಹಾಳೆಯಲ್ಲಿ ಮಾರ್ಚ್‌ನ ಆಪರೇಷನ್ ‘ಪಾಲಿಸಿ ಅವಧಿಯ ಹೊರಗೆ’ ಹೋಗಿ ಕೂತಿರುತ್ತದೆ. ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ.

ತಡವಾಗಿ ಬಿಲ್ಲು ತಂದವರ ವಿಷಯವೂ ತಾರೀಖಿನದ್ದೇ. ಡಿಸ್ಚಾರ್ಜ್ ಆದ 30 ದಿನದೊಳಗೆ ಕೊಡಬೇಕು ಅನ್ನೋದು ಸಾಮಾನ್ಯ ಷರತ್ತು. ನಮ್ಮ ಫಿಟ್ಟರ್‌ಗೆ ಅದು ಏಪ್ರಿಲ್ 13. ಮನೆಯಲ್ಲಿ ಮಲಗಿದ್ದವನು 20ನೇ ತಾರೀಖು ಬಂದರೆ ‘ಟೈಮ್ ಮುಗೀತು’ ಅಂತ ಕವರು ವಾಪಸ್ ಕೊಡೋದು ಹಲವು ಕಡೆ ರೂಢಿ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2011ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲೇ ಇದನ್ನು ಸ್ಪಷ್ಟಪಡಿಸಿದೆ. ತಡಕ್ಕೆ ನಿಜವಾದ ಕಾರಣ ಇದ್ದರೆ, ತಡವಾಯಿತು ಅನ್ನುವ ಒಂದೇ ನೆಪಕ್ಕೆ ಕ್ಲೇಮು ತಳ್ಳಿಹಾಕುವ ಹಾಗಿಲ್ಲ. ತಡಕ್ಕೆ ಕಾರಣವನ್ನು ನಾಲ್ಕು ಸಾಲಲ್ಲಿ ಬರೆಸಿಕೊಂಡು ಫೈಲು ಮುಂದಕ್ಕೆ ಕಳಿಸುವುದು ಗುಮಾಸ್ತರ ಕೆಲಸ. ಬಾಗಿಲಲ್ಲೇ ತಡೆಯೋದಲ್ಲ.

ಈಗ ಮೂರನೇ ಕಾಲಂ. 75,000ದಲ್ಲಿ ಎಷ್ಟು ಬರಬೇಕು?

ಗ್ಲೌಸ್, ಮಾಸ್ಕ್, ಊಟ, ಜೆರಾಕ್ಸ್‌ನ 2,000 ಸಾಮಾನ್ಯವಾಗಿ ಬರಲ್ಲ. ಪಾಲಿಸಿ ಬೇಕಾದರೆ ಭರಿಸಬಹುದು, ಇಲ್ಲವಾದರೆ ಬಿಡಬಹುದು ಅನ್ನುವಂಥ 68 ವಸ್ತುಗಳ ಪಟ್ಟಿಯೇ ಐಆರ್‌ಡಿಎಐ ಮಾರ್ಗಸೂಚಿಯಲ್ಲಿದೆ. ಗ್ಲೌಸ್, ಮಾಸ್ಕ್ ಎಲ್ಲ ಅದರಲ್ಲಿವೆ. ರೂಮಿನಲ್ಲಿ ದಿನಕ್ಕೆ 2,000ದಂತೆ 6,000 ಬರುತ್ತದೆ, 3,000 ಕಡಿತ. ಇಲ್ಲಿಯವರೆಗೆ ತಕರಾರಿಲ್ಲ.

ನಿಜವಾದ ಏಟು ಬೀಳೋದು ಮುಂದೆ. ಮಿತಿ ಮೀರಿದ ರೂಮು ಹಿಡಿದರೆ ಬೇರೆ ಖರ್ಚುಗಳನ್ನೂ ಅದೇ ಅನುಪಾತದಲ್ಲಿ ಕಡಿಯುವ ಷರತ್ತು ಇಂಥ ಪಾಲಿಸಿಗಳಲ್ಲಿರುತ್ತದೆ. ಮೂರು ಸಾವಿರದ ರೂಮಿಗೆ ಎರಡು ಸಾವಿರದ ಅರ್ಹತೆ, ಅಂದರೆ ಮೂರರಲ್ಲಿ ಎರಡು ಪಾಲು. ಹಿಂದೆಲ್ಲಾ ಇಡೀ ಬಿಲ್ಲಿಗೆ ಈ ಗುಣಾಕಾರ ಹೊಡೆಯೋರು. 75,000ದಿಂದ 2,000 ಕಳೆದು, ಉಳಿದ 73,000ದ ಮೂರರಲ್ಲಿ ಎರಡು ಪಾಲು ತೆಗೆದರೆ 48,667. ಹಳೇ ಅಭ್ಯಾಸದ ಹಾಳೆಗಳಲ್ಲಿ ಈ ಸೂತ್ರ ಇನ್ನೂ ಕೂತಿದೆ.

ಆದರೆ 2020ರ ಜೂನ್‌ನಲ್ಲಿ ಐಆರ್‌ಡಿಎಐ ಇದನ್ನು ಬದಲಾಯಿಸಿತು. ಅನುಪಾತದ ಕಡಿತ ‘ಸಂಬಂಧಿತ ವೈದ್ಯಕೀಯ ವೆಚ್ಚ’ಕ್ಕೆ ಮಾತ್ರ. ಔಷಧಿ ಮತ್ತು ಬಳಸಿ ಬಿಸಾಡುವ ಸಾಮಗ್ರಿ, ಇಂಪ್ಲಾಂಟು ಹಾಗೂ ಉಪಕರಣ, ರೋಗಪತ್ತೆ ಪರೀಕ್ಷೆ, ಇವು ಆ ಗುಂಪಿಗೆ ಸೇರುವುದಿಲ್ಲ. ಐಸಿಯು ಶುಲ್ಕಕ್ಕೂ ಈ ಕಡಿತ ಇಲ್ಲ. ಕಾರಣ ಸರಳ: ಯಾವ ರೂಮಿನಲ್ಲಿ ಮಲಗಿದರೂ ಆ್ಯಂಟಿಬಯಾಟಿಕ್ ಇಂಜೆಕ್ಷನ್‌ಗೆ ಎಂಆರ್‌ಪಿ ಒಂದೇ. ಹಾಗಾಗಿ ಔಷಧಿಯ 14,000 ಪೂರ್ತಿ, ಪರೀಕ್ಷೆಯ 8,000 ಪೂರ್ತಿ. ಕಡಿತ ಬೀಳೋದು 42,000ದ ಗುಂಪಿಗೆ ಮಾತ್ರ, ಅಲ್ಲಿ 28,000 ಬರುತ್ತದೆ. ಕೂಡಿಸಿ: 6,000, 28,000, 14,000, 8,000. ಒಟ್ಟು 56,000.

ಹಳೇ ಸೂತ್ರಕ್ಕೂ ಸರಿಯಾದ ಲೆಕ್ಕಕ್ಕೂ ಇರುವ ವ್ಯತ್ಯಾಸ 7,333 ರೂಪಾಯಿ. 23,400ರ ಸಂಬಳದಲ್ಲಿ ಅದು ಹೆಚ್ಚುಕಡಿಮೆ ಒಂಬತ್ತು ದಿನದ ದುಡಿಮೆ.

ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಸಾಲಿದೆ, ಅದನ್ನು ಯಾರೂ ಓದೋದೇ ಇಲ್ಲ. ರೂಮಿನ ದರ್ಜೆಗೆ ತಕ್ಕಂತೆ ಬೇರೆ ಬೇರೆ ದರ ಹಾಕದ ಆಸ್ಪತ್ರೆಯಲ್ಲಿ, ಅಥವಾ ಹಾಗೆ ದರ ಬದಲಾಗದ ಖರ್ಚಿನ ಮೇಲೆ, ಈ ಅನುಪಾತದ ಕಡಿತವನ್ನೇ ಹಾಕುವ ಹಾಗಿಲ್ಲ. ನಮ್ಮ ಫಿಟ್ಟರ್ ಹೋದ ಆಸ್ಪತ್ರೆಯಲ್ಲಿ ಸರ್ಜನ್ ಫೀಸು, ಥಿಯೇಟರ್ ಬಾಡಿಗೆ ಎಲ್ಲ ರೂಮಿಗೂ ಒಂದೇ ಆಗಿದ್ದರೆ, ಆ 14,000 ಕಡಿತವೂ ತಪ್ಪೇ. ಪೀಣ್ಯ, ದಾಸರಹಳ್ಳಿ ಕಡೆಯ ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಒಂದೇ ದರ ಇರೋದನ್ನು ನಾನು ನೋಡಿದ್ದೇನೆ. ಅದನ್ನು ತಿಳಿಯೋಕೆ ಬಿಲ್ಲು ಸಾಲದು, ಆಸ್ಪತ್ರೆಯ ದರಪಟ್ಟಿ ಬೇಕು. ಬಿಲ್ಲಿನಿಂದ ಎಷ್ಟೇ ಜಾಣತನದಲ್ಲಿ ಅಂಕಿ ಹೆಕ್ಕಿದರೂ ‘ಅಡ್ಮಿಸಿಬಲ್’ ಸಿಗೋದಿಲ್ಲ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಹಾಗಾದರೆ ತೀರ್ಮಾನ ಯಾರದ್ದು? ಕಂಪನಿಗೂ ವಿಮಾ ಕಂಪನಿಗೂ ನಡುವೆ ಟಿಪಿಎ ಅನ್ನುವ ಮಧ್ಯವರ್ತಿ ಸಂಸ್ಥೆ ಇರುತ್ತದೆ, ಕಾಗದಪತ್ರ ನೋಡುವುದು ಅದರ ಕೆಲಸ. ಕ್ಲೇಮು ತಿರಸ್ಕರಿಸುವ ಅಧಿಕಾರ ಅದಕ್ಕೂ ಇಲ್ಲ, ವಿಮಾ ಕಂಪನಿಗೆ ಮಾತ್ರ. 2024ರ ಮೇ 29ರ ಐಆರ್‌ಡಿಎಐ ಮಾಸ್ಟರ್ ಸರ್ಕ್ಯುಲರ್ ಇನ್ನೂ ಬಿಗಿ ಮಾಡಿದೆ. ವಿಮಾ ಕಂಪನಿಯೊಳಗಿನ ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ತಿರಸ್ಕರಿಸಿದರೆ, ಭಾಗಶಃ ಕಡಿದರೆ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ತಿಳಿಸಬೇಕು. ಸಮಿತಿ ಕೂತು ಮಾಡಬೇಕಾದ ಕೆಲಸವನ್ನು ಪೀಣ್ಯದ ಎಚ್‌ಆರ್ ಮೇಜಿನಲ್ಲಿ ಒಬ್ಬ ಗುಮಾಸ್ತ ‘N’ ಅಂತ ಒಂದಕ್ಷರ ಹೊಡೆದು ಮುಗಿಸುತ್ತಿದ್ದಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ಟಿಪಿಎಗೆ ಕಳಿಸುವ ಮೊದಲೇ ‘ಸ್ಕ್ರೀನ್’ ಮಾಡು ಅಂತ ಮೇಲಿನವರು ಹೇಳಿರುತ್ತಾರೆ. ಕ್ಲೇಮುಗಳ ಮೊತ್ತ ಹೆಚ್ಚಾದರೆ ಮುಂದಿನ ವರ್ಷದ ಗುಂಪು ವಿಮೆಯ ಪ್ರೀಮಿಯಂ ಏರುತ್ತದೆ, ಬಾಗಿಲಲ್ಲೇ ನಿಂತ ಕ್ಲೇಮು ಆ ಲೆಕ್ಕಕ್ಕೆ ಬರೋದಿಲ್ಲ.

ಟಿಪಿಎ ಪೋರ್ಟಲ್‌ನಲ್ಲಿ ಕಾಣುವ ಪದಗಳನ್ನು ಹಾಳೆಗೆ ಇಳಿಸುವಾಗಲೂ ಮೋಸವಾಗುತ್ತದೆ. ‘ಕ್ವೆರಿ’ ಅಂದರೆ ಇನ್ನೊಂದು ಕಾಗದ ಕೇಳಿದ್ದಾರೆ ಅಂತ. ‘ಕ್ಲೋಸ್ಡ್’ ಅಂದರೆ ಹೆಚ್ಚಿನ ಸಲ ಕೇಳಿದ ಕಾಗದ ಬರಲಿಲ್ಲ ಅಂತ ಫೈಲು ಮುಚ್ಚಿಟ್ಟಿದ್ದಾರೆ, ಕಾಗದ ಕೊಟ್ಟು ಮತ್ತೆ ತೆರೆಸಲು ಕೇಳಬಹುದು. ‘ರಿಪ್ಯುಡಿಯೇಟೆಡ್’ ಮಾತ್ರ ನಿಜವಾದ ತಿರಸ್ಕಾರ. ನಮ್ಮ ಹಾಳೆಗಳಲ್ಲಿ ಈ ಮೂರೂ ‘ರಿಜೆಕ್ಟ್’ ಆಗಿಬಿಡುತ್ತವೆ.

“ಸಾರ್, ನಂದು ರಿಜೆಕ್ಟ್ ಆಯ್ತಂತೆ?” ಅಂತ ಬಂದವರೊಬ್ಬರಿಗೆ ಒಮ್ಮೆ ಪೋರ್ಟಲ್ ತೆರೆದು ತೋರಿಸಿದೆ. “ಇಲ್ಲಪ್ಪ, ಡಿಸ್ಚಾರ್ಜ್ ಸಮ್ಮರಿ ಒಂದು ಕಾಪಿ ಕೇಳವ್ರೆ ಅಷ್ಟೇ.”

“ಅಷ್ಟೇನಾ ಸಾರ್? ನಾನು ಬಡ್ಡಿಗೆ ದುಡ್ಡು ತಂದು ಎರಡು ತಿಂಗಳಾಯ್ತು.”

ಹಾಗಾಗಿ ಮೂರನೇ ಕಾಲಂ ಬೇಡ ಅಂತಲ್ಲ, ಅದು ಹೌದು-ಇಲ್ಲ ಆಗಿರಬಾರದು. ಅಲ್ಲಿ ಬರಬೇಕಾದ್ದು ಯಾರು ಹೇಳಿದರು, ಯಾವ ತಾರೀಖಿನ ಪತ್ರದಲ್ಲಿ, ಯಾವ ಷರತ್ತಿನಡಿ, ಯಾವ ಬಾಬ್ತಿನಿಂದ ಎಷ್ಟು ಕಡಿದರು ಅನ್ನೋದು. ಪತ್ರ ಬರುವ ತನಕ ಅಲ್ಲಿ ‘ಬಾಕಿ’ ಅಂತ ಮಾತ್ರ ಇರಬೇಕು. ನಾಲ್ಕನೇ ಕಾಲಂ ಒಂದು ಇರಲೇಬಾರದು: ರೋಗದ ಹೆಸರು. ಕಾಯಿಲೆ ಏನು ಅಂತ ತಿಳಿಯಬೇಕಾದವರು ತೀರ್ಮಾನ ಮಾಡುವ ವಿಮಾ ಕಂಪನಿಯವರು. ಎಚ್‌ಆರ್ ಹಾಳೆಗೆ ಬಿಲ್ ನಂಬರು, ಮೊತ್ತ, ತಾರೀಖುಗಳು ಸಾಕು. ಗರ್ಭಪಾತ, ಮಾನಸಿಕ ಚಿಕಿತ್ಸೆ, ಎಚ್‌ಐವಿ ಇಂಥವು ಶೇರ್ಡ್ ಫೋಲ್ಡರಿನ ಎಕ್ಸೆಲ್‌ನಲ್ಲಿ ಕೂತರೆ ಅದು ಶಾಪ್‌ಫ್ಲೋರಿಗೆ ತಲುಪೋಕೆ ಒಂದು ಟೀ ಬ್ರೇಕ್ ಸಾಕು. ಎಚ್‌ಐವಿ ಮಾಹಿತಿಯ ಗೋಪ್ಯತೆಗಂತೂ 2017ರ ಪ್ರತ್ಯೇಕ ಕಾಯ್ದೆಯೇ ಇದೆ.

ಫಿಟ್ಟರ್‌ಗೆ 48,667 ರೂಪಾಯಿಯೇ ಬಂತು ಅಂತಿಟ್ಟುಕೊಳ್ಳಿ. ಮೊದಲು ಬಾಬ್ತುವಾರು ಕಡಿತದ ಪತ್ರ ಕೇಳಬೇಕು. ಅದರಲ್ಲಿ ಔಷಧಿ, ಪರೀಕ್ಷೆಯ ಮುಂದೆ ಅನುಪಾತದ ಕಡಿತ ಕಂಡರೆ 2020ರ ಮಾರ್ಗಸೂಚಿ ಉಲ್ಲೇಖಿಸಿ ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು, ಆಸ್ಪತ್ರೆಯ ದರಪಟ್ಟಿ ಸಿಕ್ಕರೆ ಅದನ್ನೂ ಲಗತ್ತಿಸಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಗುಂಪು ವಿಮೆಯ ಸದಸ್ಯರೂ ಹೋಗಬಹುದು, ಕಂಪನಿಯೇ ದೂರು ಕೊಡಬೇಕೆಂದಿಲ್ಲ. ಬೆಂಗಳೂರಿನ ಕಚೇರಿ ಜೆ.ಪಿ. ನಗರ ಒಂದನೇ ಹಂತದ ಜೀವನ್ ಸೌಧದಲ್ಲಿದೆ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಬಿಲ್ಲು, ರಸೀದಿ, ಕಡಿತದ ಪತ್ರ, ಮತ್ತು ಎಚ್‌ಆರ್ ಹಾಳೆಯ ಆ ಒಂದು ಸಾಲಿನ ಪ್ರಿಂಟ್ ಇದ್ದರೆ ಸಾಕು.